ಕರೆಯುವವರ ಹೆಸರು

ನಮ್ಮ ಕಡೆಯ ಊರುಗಳಲ್ಲಿ ಹೊಸ ಅಂಗಡಿಯ ಬಾಗಿಲು ತೆರೆಯುವುದಕ್ಕೆ ಮೊದಲು ಎರಡು ಕಾಗದಗಳು ಅಚ್ಚಾಗುತ್ತವೆ. ಒಂದನ್ನು ಮನೆಮನೆಗೆ ಹೋಗಿ ಕೈಗೆ ಕೊಡುತ್ತಾರೆ, ಇನ್ನೊಂದನ್ನು ಗೋಡೆಗೆ ಅಂಟಿಸುತ್ತಾರೆ. ಮೊದಲನೆಯದು ಆಮಂತ್ರಣ, ಎರಡನೆಯದು ಪೋಸ್ಟರ್. ಎರಡರಲ್ಲೂ ಇರುವುದು ಅದೇ ತಾರೀಖು, ಅದೇ ವಿಳಾಸ. ಹಾಗಾಗಿ ಒಂದನ್ನು ಬರೆದರೆ ಇನ್ನೊಂದನ್ನೂ ಬರೆದಂತೆಯೇ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಆಮಂತ್ರಣ ಮಾತಾಡುವುದು ಪರಿಚಯದವರೊಂದಿಗೆ, ಪೋಸ್ಟರ್ ಮಾತಾಡುವುದು ದಾರಿಹೋಕರೊಂದಿಗೆ. ಪರಿಚಯದವರು ಮೊದಲು ಕೇಳುವುದು 'ಯಾರು ಕರೆಯುತ್ತಿದ್ದಾರೆ?' ಎಂದು. ದಾರಿಹೋಕರು ಕೇಳುವುದು 'ಅಲ್ಲಿ ಏನು ಸಿಗುತ್ತದೆ?' ಎಂದು. ನಮ್ಮ ಅಕ್ಕನ ಮಗಳು ಒಂದು ಪುಟ್ಟ ಬಟ್ಟೆ ಅಂಗಡಿ ತೆರೆಯಲು ಹೊರಟಾಗ ಈ ಎರಡು ಪ್ರಶ್ನೆಗಳೂ ನಮ್ಮ ಮನೆಯ ಪಡಸಾಲೆಗೇ ಬಂದು ಕುಳಿತವು.

ಅವಳು ಗಂಡನನ್ನು ಕಳೆದುಕೊಂಡು, ಇಬ್ಬರು ಮಕ್ಕಳೊಂದಿಗೆ ತಾಯಿಯ ಮನೆಗೆ ಬಂದು ಹತ್ತು ವರ್ಷ ಕಳೆದಿತ್ತು. ಈ ಹತ್ತು ವರ್ಷವೂ ಒಳಕೋಣೆಯಲ್ಲಿ ಒಂದು ಮಿಷನ್ ಇಟ್ಟುಕೊಂಡು ಚೂಡಿದಾರ, ರವಿಕೆ, ಮಕ್ಕಳ ಫ್ರಾಕು ಹೊಲಿದಳು. ಅಂಗಡಿಯ ಮುಂಗಡಕ್ಕೆ ಬೇಕಾದಷ್ಟು ಹಣ ಕೂಡಿದಾಗ ನಮ್ಮ ಊರಿನ ಮುಖ್ಯ ರಸ್ತೆಯಲ್ಲಿ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಮಳಿಗೆ ಹಿಡಿದಳು. ಶಿವಮೊಗ್ಗದಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯ ತಾಲ್ಲೂಕು ಊರು ನಮ್ಮದು. ಇಂಥ ಅಂಗಡಿಗೆ ಈಗ ಬೊಟಿಕ್ ಎನ್ನುತ್ತಾರೆ. ಆ ಮಾತು ನಮ್ಮ ಆಪಾ ಬಾಯಲ್ಲಿ 'ಬುಟ್ಟಿಕ್' ಆಗಿತ್ತು. ಅಂಗಡಿಯ ಹೆಸರನ್ನೂ ಹುಡುಗಿಯ ಹೆಸರನ್ನೂ ನಾವು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಈ ಲೇಖನವೇ ಮೂರನೆಯ ಪೋಸ್ಟರ್ ಆದೀತು.

ದಿನ ಗೊತ್ತುಮಾಡುವಾಗ ಅವಳ ಲೆಕ್ಕ ಸರಿಯಾಗಿಯೇ ಇತ್ತು. 2025ರಲ್ಲಿ ರಮಜಾನ್ ಮಾರ್ಚ್ ಮೊದಲ ವಾರದಲ್ಲಿ ಬರುವುದಿತ್ತು. ಈದ್‌ಗೆ ಹೊಲಿಸುವವರು ರಮಜಾನ್ ಹಿಡಿಯುವ ಮುಂಚೆಯೇ ಬಟ್ಟೆ ಕೊಡುತ್ತಾರೆ. ಅರ್ಧ ರಮಜಾನ್ ಕಳೆದ ಮೇಲೆ ಯಾವ ದರ್ಜಿಯೂ ಹೊಸ ಬಟ್ಟೆ ಮುಟ್ಟುವುದಿಲ್ಲ. ಆದ್ದರಿಂದ ಫೆಬ್ರವರಿ 6, ಗುರುವಾರ ಎಂದು ನಿಶ್ಚಯವಾಯಿತು. ಜನವರಿಯ ಮಧ್ಯದಲ್ಲಿ ಅವಳು ಒಂದು ನೋಟು ಪುಸ್ತಕ ಹಿಡಿದು ಬಂದು, "ಮಾಮೂ, ನೀವು ಕಥೆ ಬರೀತೀರಿ, ಇದೊಂದು ಬರೆದುಕೊಡಿ" ಎಂದಳು.

ಪುಸ್ತಕದಲ್ಲಿ ಒಂದು ಆಮಂತ್ರಣದ ನಕಲು ಆಗಲೇ ಇತ್ತು. ಅದನ್ನು ಅವಳ ಬಡೇ ಅಬ್ಬಾ, ಎಂದರೆ ಅವಳ ತಂದೆಯ ಅಣ್ಣ, ಉರ್ದುವಿನಲ್ಲಿ ಬರೆಸಿದ್ದರು. ಮದುವೆ ಕಾಗದದ ಅಚ್ಚಿನಲ್ಲೇ ಎರಕ ಹೊಯ್ದಂತೆ ಇತ್ತು. ಮೇಲೆ ಬಿಸ್ಮಿಲ್ಲಾ, ಅದರ ಕೆಳಗೆ ಎರಡು ಸಾಲು ದುಆ, ಆಮೇಲೆ 'ಅಲ್ಲಾಹನ ಕೃಪೆಯಿಂದ ನಮ್ಮ ಕುಟುಂಬದ ಬಟ್ಟೆ ಅಂಗಡಿಯ ಇಫ್ತಿತಾಹ್' ಎಂಬ ಒಕ್ಕಣೆ, ಕೊನೆಯಲ್ಲಿ ಎಡಗಡೆ 'ಅದ್ದಾಯೀ' ಎಂದು ಬರೆದು ಅದರ ಕೆಳಗೆ ಬಡೇ ಅಬ್ಬಾರ ಹೆಸರು, ಅವರ ಇಬ್ಬರು ಗಂಡುಮಕ್ಕಳ ಹೆಸರು. ಮಳಿಗೆ ಹಿಡಿದವಳ ಹೆಸರು ಎಲ್ಲಿಯೂ ಇರಲಿಲ್ಲ.

ಇದರಲ್ಲಿ ಬಡೇ ಅಬ್ಬಾರ ದುರುದ್ದೇಶ ಏನೂ ಇರಲಿಲ್ಲ ಎಂಬುದನ್ನು ಹೇಳಬೇಕು. ನಮ್ಮ ಉರ್ದು ಮದುವೆ ಕಾಗದಗಳನ್ನು ನೋಡಿದವರಿಗೆ ಇದು ಗೊತ್ತಿದೆ. ಎಷ್ಟೋ ಕಾಗದಗಳಲ್ಲಿ ಮದುಮಗಳ ಹೆಸರೇ ಇರುವುದಿಲ್ಲ. 'ದುಖ್ತರೆ ನೇಕ್ ಅಖ್ತರ್', ಎಂದರೆ ಶುಭ ನಕ್ಷತ್ರದ ಮಗಳು ಎಂದು ಬರೆದು, ಆಕೆಯ ತಂದೆಯ ಹೆಸರು ಹಾಕಿದರೆ ಮುಗಿಯಿತು. ಹೆಣ್ಣುಮಕ್ಕಳ ಹೆಸರು ಬೀದಿಯ ಬಾಯಿಗೆ ಬೀಳಬಾರದು ಎಂಬುದು ಹಳೆಯ ಮನೆಗಳ ಮರ್ಯಾದೆಯ ಕಲ್ಪನೆ. ಬಡೇ ಅಬ್ಬಾ ಹೇಳಿದ್ದೂ ಅದನ್ನೇ: "ಹಿರಿಯರು ಕರೆದರೆ ನಾಲ್ಕು ಜನ ಬರ್ತಾರೆ. ಒಂದು ಹೆಣ್ಣುಮಗಳು ಕರೆದರೆ ಯಾರು ಬರ್ತಾರೆ?" ಈ ಮಾತಿನಲ್ಲಿ ವ್ಯವಹಾರದ ಒಂದು ಸತ್ಯವೂ ಇತ್ತು. ಮಸೀದಿಯ ಜಮಾಅತಿನಲ್ಲಿ ಅವರನ್ನು ಬಲ್ಲವರು ನೂರು ಜನ ಇದ್ದರು.

ಹುಡುಗಿ ಬಾಯಿಬಿಟ್ಟು ಏನೂ ಹೇಳಲಿಲ್ಲ. ನೋಟು ಪುಸ್ತಕವನ್ನು ನಮ್ಮ ಮುಂದಿಟ್ಟು, ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕುಳಿತಳು. ಅವಳಿಗೆ ಬೇಕಾಗಿದ್ದುದು ಒಕ್ಕಣೆಯಲ್ಲ, ಆ ಸಾಲು ಎಂಬುದು ನಮಗೆ ತಿಳಿಯಿತು.

ನಾವು ಮೊದಲು ಹಿಡಿದದ್ದು ಸುಲಭವಾದ ದಾರಿ. 'ಅದ್ದಾಯೀ' ಎಂದರೆ ಕರೆಯುವವನು. ಅರಬಿಯಲ್ಲಿ ಅದರ ಸ್ತ್ರೀಲಿಂಗ 'ದಾಇಯಾ'. ಅದನ್ನೇ ಬರೆದು ಕೆಳಗೆ ಅವಳ ಹೆಸರು ಹಾಕಿದರಾಯಿತು ಎಂದುಕೊಂಡೆವು. ಶಿವಮೊಗ್ಗದಲ್ಲಿ ಉರ್ದು ಕಾಗದಗಳನ್ನು ಜೋಡಿಸುವ ಒಬ್ಬ ಹಿರಿಯರಿದ್ದಾರೆ. ಹಿಂದೆ ಕೈಯಲ್ಲಿ ಬರೆಯುವ ಕಾತಿಬರಾಗಿದ್ದವರು, ಈಗ ಕಂಪ್ಯೂಟರಿನಲ್ಲಿ ಇನ್‌ಪೇಜ್ ಹಾಕಿಕೊಂಡು ಕುಳಿತಿದ್ದಾರೆ. ಅವರು ನಮ್ಮ ಚೀಟಿ ನೋಡಿ ನಕ್ಕರು. "ಜನಾಬ್, ಐನ್ ಅಕ್ಷರ ಒಂದು ಸರಿಯಾಗಿ ಬೀಳದಿದ್ದರೆ ಇದನ್ನು ಜನ ದಾಯಾ ಅಂತ ಓದ್ತಾರೆ. ದಾಯಾ ಅಂದರೆ ಸೂಲಗಿತ್ತಿ. ಬಟ್ಟೆ ಅಂಗಡಿಗೆ ಸೂಲಗಿತ್ತಿ ಕರೀತಿದ್ದಾಳೆ ಅಂತ ಆಗುತ್ತೆ" ಎಂದರು. ಇಷ್ಟು ವರ್ಷಗಳಲ್ಲಿ ಆ ಪದದ ಸ್ತ್ರೀಲಿಂಗವನ್ನು ಜೋಡಿಸುವ ಪ್ರಸಂಗ ತಮಗೆ ಬಂದೇ ಇಲ್ಲ ಎಂದೂ ಹೇಳಿದರು. ಆ ಮಾತು ನಮ್ಮ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಪದ ಭಾಷೆಯಲ್ಲಿದೆ, ಅದನ್ನು ಬಳಸುವ ಸಂದರ್ಭವನ್ನು ನಾವೇ ಹುಟ್ಟಿಸಿಲ್ಲ.

ಉಪಾಯ ಹೇಳಿದವರೂ ಅವರೇ. "ಅರಬಿ ಬಿಡಿ, ಫಾರಸಿಗೆ ಬನ್ನಿ. ಚಶ್ಮ್ ಬರಾಹ್ ಅಂತ ಹಾಕಿ" ಎಂದರು. ಉರ್ದು ಕಾಗದಗಳಲ್ಲಿ ಈ ಮಾತು ಮೊದಲಿನಿಂದಲೂ ಇದೆ. ದಾರಿಯ ಮೇಲೆ ಕಣ್ಣಿಟ್ಟು ಕಾದವರು ಎಂದು ಅದರ ಅರ್ಥ. ಸಾಮಾನ್ಯವಾಗಿ ಅದರ ಕೆಳಗೆ ಮನೆಯ ಇತರರ ಹೆಸರುಗಳನ್ನು ಹಾಕುತ್ತಾರೆ. ಫಾರಸಿಯಲ್ಲಿ ಲಿಂಗಭೇದ ಇಲ್ಲ. ಕಾಯುವ ಕಣ್ಣು ಗಂಡಸಿನದೋ ಹೆಂಗಸಿನದೋ ಎಂದು ಆ ಭಾಷೆ ಕೇಳುವುದೇ ಇಲ್ಲ. ಮನೆಗೆ ಬಂದು ಕನ್ನಡದ ಒಕ್ಕಣೆ ಬರೆಯಲು ಕುಳಿತಾಗ ಇನ್ನೊಂದು ಹೊಳೆಯಿತು. ನಮ್ಮ ಕನ್ನಡ ಆಮಂತ್ರಣಗಳ ಕೊನೆಯಲ್ಲಿ 'ತಮ್ಮ ಆಗಮನವನ್ನು ಬಯಸುವ' ಎಂದು ಬರೆದು ಕೆಳಗೆ ಹೆಸರು ಹಾಕುತ್ತೇವಲ್ಲ, ಆ 'ಬಯಸುವ' ಎಂಬುದಕ್ಕೂ ಲಿಂಗವಿಲ್ಲ. ಬಯಸುವ ಅಣ್ಣ, ಬಯಸುವ ಅಕ್ಕ, ಎರಡೂ ಸರಿ. ಅಂದರೆ ಹೆಣ್ಣುಮಗಳ ಹೆಸರಿಗೆ ಎರಡು ಭಾಷೆಗಳೂ ಮೊದಲೇ ಜಾಗ ಬಿಟ್ಟುಕೊಂಡಿದ್ದವು. ಅದನ್ನು ತುಂಬದೆ ಬಂದವರು ನಾವು.

ಬಡೇ ಅಬ್ಬಾರ ಮುಂದೆ ಈ ವ್ಯಾಕರಣ ನಡೆಯುತ್ತದೆಯೇ ಎಂಬ ಅನುಮಾನ ನಮಗಿತ್ತು. ಅಲ್ಲಿ ಮಾತಾಡಿದವರು ಆಪಾ. ಆಕೆ ಓದಿದ್ದು ನಾಲ್ಕನೆಯ ತರಗತಿ. "ಭಾಯೀಜಾನ್, ಹಜ್ರತ್ ಖದೀಜಾ(ರ) ವ್ಯಾಪಾರ ಮಾಡ್ತಿದ್ದರು. ಶಾಮ್ ದೇಶಕ್ಕೆ ಸರಕು ಕಳಿಸ್ತಿದ್ದರು. ಅದು ಯಾರ ಸರಕು ಅಂತ ಕೇಳಿದರೆ ಜನ ಅವರ ಹೆಸರೇ ಹೇಳ್ತಿದ್ದರಲ್ಲ? ನಮ್ಮ ಪ್ರವಾದಿಯವರೇ(ಸ) ಆ ಸರಕು ತಗೊಂಡು ಹೋದವರು" ಎಂದಳು. ಬಡೇ ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನನ್ನ ಹೆಸರು ಎಲ್ಲಿ?" ಎಂದರು. ಅವರ ಕಷ್ಟ ಅಲ್ಲಿತ್ತು. ತಮ್ಮ ತಮ್ಮನ ಮಗಳ ಒಂದು ಶುಭಕಾರ್ಯದ ಕಾಗದದಲ್ಲಿ ತಮಗೆ ಸ್ಥಾನ ಇಲ್ಲವೇ ಎಂಬ ನೋವು ಅದು. ಅದನ್ನು ಸರಿಪಡಿಸುವುದು ಕಷ್ಟವಾಗಲಿಲ್ಲ. ಮಸೀದಿಯ ಇಮಾಮರು ದುಆ ಮಾಡುವುದು, ಬಡೇ ಅಬ್ಬಾ ಅದರ ಸದಾರತ್ ವಹಿಸುವುದು, ಆಪಾ ಬಾಗಿಲು ತೆರೆಯುವುದು ಎಂದು ಬರೆದೆವು. ಕರೆಯುವವಳು ಮಾತ್ರ ಅಂಗಡಿಯವಳೇ.

ಇನ್ನು ಒಕ್ಕಣೆ. ಒಂದನ್ನು ಬರೆದು ಇನ್ನೊಂದಕ್ಕೆ ಅನುವಾದ ಮಾಡುವುದು ಸಾಮಾನ್ಯ ಪದ್ಧತಿ. ಹಾಗೆ ಮಾಡಿದರೆ ಎರಡರಲ್ಲಿ ಒಂದು ಸತ್ತ ಕಾಗದವಾಗುತ್ತದೆ. ಸಮಯದ ಮಾತನ್ನೇ ನೋಡಿ. ಉರ್ದು ಕಾಗದದಲ್ಲಿ 'ಬಾದ್ ನಮಾಜೆ ಅಸರ್' ಎಂದರೆ ಸಾಕು, ಓದಿದವರು ತಮ್ಮ ಮಸೀದಿಯ ಜಮಾಅತ್ ಎಷ್ಟು ಗಂಟೆಗೆ ಎಂದು ನೆನೆದು ಹೊರಡುತ್ತಾರೆ. ಅದನ್ನೇ ಕನ್ನಡಕ್ಕೆ 'ಅಸರ್ ನಮಾಜಿನ ನಂತರ' ಎಂದು ತಂದರೆ ಎದುರುಮನೆಯ ಟೀಚರಮ್ಮ ಗಡಿಯಾರ ನೋಡಿಕೊಂಡು ಕೂರಬೇಕು. ಕನ್ನಡದಲ್ಲಿ ಸಂಜೆ 5:30 ಎಂದೇ ಬರೆಯಬೇಕು. ಆ 5:30 ಕೂಡ ಸುಮ್ಮನೆ ಬಂದದ್ದಲ್ಲ. ಫೆಬ್ರವರಿಯಲ್ಲಿ ನಮ್ಮೂರಿನ ಅಸರ್ ಜಮಾಅತ್ ಐದೂಕಾಲಿಗೆ, ಮಗ್ರಿಬ್ ಸುಮಾರು ಆರೂವರೆಗೆ. ನಡುವೆ ಸಿಗುವುದು ಒಂದೇ ಗಂಟೆ. ದುಆ, ಬಾಗಿಲು ತೆರೆಯುವುದು, ಚಹಾ ಎಲ್ಲ ಅಷ್ಟರಲ್ಲಿ ಮುಗಿಯಬೇಕು. ಆದ್ದರಿಂದ ಕನ್ನಡ ಕಾಗದದಲ್ಲಿ '5:30ರಿಂದ 8ರವರೆಗೆ' ಎಂದು ಹಾಕಿದೆವು. ನಮಾಜಿಗೆ ಹೋದ ಗಂಡಸರು ಹೋಗಲಿ, ಹೆಂಗಸರು ಆಮೇಲೆ ನಿಧಾನವಾಗಿ ಬಂದು ಬಟ್ಟೆ ನೋಡಲಿ ಎಂಬುದು ಅವಳ ಯೋಚನೆ.

ಹಿಜರಿ ತಾರೀಖಿನ ವಿಷಯದಲ್ಲೂ ಎಚ್ಚರ ಬೇಕಾಯಿತು. ಕಾಗದ ಅಚ್ಚಾಗುವುದು ರಜಬ್ ತಿಂಗಳಲ್ಲಿ, ಉದ್ಘಾಟನೆ ಶಾಬಾನ್‌ನಲ್ಲಿ. ರಜಬ್ 29ರ ಸಂಜೆ ಚಂದ್ರ ಕಂಡರೆ ಫೆಬ್ರವರಿ 6ಕ್ಕೆ ಶಾಬಾನ್ 7, ಕಾಣದಿದ್ದರೆ ಶಾಬಾನ್ 6. ಇನ್ನೂ ಕಾಣದ ಚಂದ್ರನ ಲೆಕ್ಕವನ್ನು ಅಚ್ಚು ಹಾಕಿಸುವುದು ಬೇಡವೆಂದು 'ಮಾಹೆ ಶಾಬಾನ್, 1446 ಹಿಜರಿ' ಎಂದಷ್ಟೇ ಬರೆದೆವು.

ಬಿಸ್ಮಿಲ್ಲಾ ವಿಷಯವನ್ನು ಇಮಾಮರೇ ಬಗೆಹರಿಸಿದರು. ಕಾಗದ ಕೊನೆಗೆ ಎಲ್ಲಿ ಹೋಗಿ ಬೀಳುತ್ತದೆ ಎಂದು ಯೋಚಿಸಿ ಬರೆಯಿರಿ ಎಂದರು. ಪವಿತ್ರ ವಚನ ಬರೆದ ಕಾಗದ ಕಡಲೆಕಾಯಿಯ ಪೊಟ್ಟಣವಾಗಬಾರದು, ಚಪ್ಪಲಿಯಡಿ ಸಿಗಬಾರದು. ಹಳಬರು ಇದಕ್ಕೇ 786 ಎಂದು ಬರೆಯುತ್ತಿದ್ದರು. ಅಬ್ಜದ್ ಪದ್ಧತಿಯಲ್ಲಿ ಪ್ರತಿ ಅರಬಿ ಅಕ್ಷರಕ್ಕೂ ಒಂದು ಅಂಕಿಯ ಬೆಲೆ ಇದೆ, ಬಿಸ್ಮಿಲ್ಲಾದ ಪೂರ್ತಿ ವಾಕ್ಯದ ಅಕ್ಷರಗಳನ್ನು ಕೂಡಿಸಿದರೆ ಅಷ್ಟಾಗುತ್ತದೆ. ಆದರೆ ಅಂಕಿ ವಚನವಾಗುವುದಿಲ್ಲ ಎಂದು ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಇಮಾಮರು 'ಬಿಸ್ಮಿಹೀ ತಆಲಾ' ಎಂದು ಹಾಕಲು ಹೇಳಿದರು. ಪರಮೋನ್ನತನಾದ ಅವನ ನಾಮದಿಂದ ಎಂದು ಅದರ ಅರ್ಥ. ಭಾವ ಅದೇ, ಕುರ್‌ಆನಿನ ವಾಕ್ಯ ಅಲ್ಲ, ಅಲ್ಲಾಹನ ಹೆಸರೂ ನೇರವಾಗಿ ಇಲ್ಲ. ಗೋಡೆಗೆ ಅಂಟಿಸುವ ಪೋಸ್ಟರಿಗೆ ಅದೂ ಬೇಡ ಎಂದರು.

ಕೊನೆಗೆ ಕನ್ನಡದ ಒಕ್ಕಣೆ ಹೀಗಾಯಿತು:

"ಮಾನ್ಯರೇ, ಹತ್ತು ವರ್ಷಗಳಿಂದ ಮನೆಯಲ್ಲಿ ಬಟ್ಟೆ ಹೊಲಿದುಕೊಡುತ್ತಿದ್ದ ನಾನು ಈಗ ಮುಖ್ಯ ರಸ್ತೆಯಲ್ಲಿ ಹೆಂಗಸರ ಮತ್ತು ಮಕ್ಕಳ ಉಡುಪಿನ ಒಂದು ಚಿಕ್ಕ ಅಂಗಡಿ ತೆರೆಯುತ್ತಿದ್ದೇನೆ. 2025ರ ಫೆಬ್ರವರಿ 6, ಗುರುವಾರ ಸಂಜೆ 5:30ಕ್ಕೆ ನನ್ನ ತಾಯಿಯವರು ಅಂಗಡಿಯ ಬಾಗಿಲು ತೆರೆಯುತ್ತಾರೆ. ರಾತ್ರಿ 8ರವರೆಗೆ ನಾವು ಅಲ್ಲೇ ಇರುತ್ತೇವೆ. ತಾವು ಮನೆಯವರೊಂದಿಗೆ ಬಂದು, ಚಹಾ ಕುಡಿದು, ಹರಸಬೇಕಾಗಿ ಕೋರುತ್ತೇನೆ. ತಮ್ಮ ಆಗಮನವನ್ನು ಬಯಸುವ..." ಅದರ ಕೆಳಗೆ ಅವಳ ಹೆಸರು.

'ಅದ್ದೂರಿ ಉದ್ಘಾಟನೆ' ಎಂಬ ಮಾತನ್ನು ಅವಳೇ ಹೊಡೆದುಹಾಕಿದಳು. "ಹತ್ತಡಿ ಅಂಗಡಿಗೆ ಅದ್ದೂರಿ ಎಲ್ಲಿಂದ ತರೋದು ಮಾಮೂ, ಬಂದವರು ನಗ್ತಾರೆ" ಎಂದಳು. ಉರ್ದುವಿನಲ್ಲಿ 'ಇಫ್ತಿತಾಹ್' ಉಳಿಯಿತು. ಫಾತಿಹಾ ಎಂಬ ಪದ ಹುಟ್ಟಿದ ಧಾತುವಿನಿಂದಲೇ ಅದೂ ಹುಟ್ಟಿದ್ದು, ಎರಡರಲ್ಲೂ ಇರುವುದು ತೆರೆಯುವ ಅರ್ಥ. ಕನ್ನಡದಲ್ಲಿ ತಲೆಬರಹಕ್ಕೆ 'ಶುಭಾರಂಭ' ಎಂದು ಹಾಕಿದೆವು.

ಕಾಗದವನ್ನು ಮಡಿಸಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲೂ ಒಂದು ನ್ಯಾಯ ಅಡಗಿತ್ತು. ಮಡಿಸಿದ ಕಾರ್ಡು ಕನ್ನಡದವರಿಗೆ ಎಡಕ್ಕೆ ತೆರೆಯುತ್ತದೆ, ಉರ್ದುವಿನವರಿಗೆ ಬಲಕ್ಕೆ. ಒಬ್ಬರಿಗೆ ಮುಖಪುಟವಾದದ್ದು ಇನ್ನೊಬ್ಬರಿಗೆ ಬೆನ್ನು. ಒಂದೇ ಪುಟದಲ್ಲಿ ಮೇಲೆ ಒಂದು ಕೆಳಗೆ ಒಂದು ಹಾಕಿದರೆ ಯಾವುದು ಮೇಲೆ ಎಂಬ ಜಗಳ ಬೇರೆ. ಅದೂ ಅಲ್ಲದೆ ಉರ್ದುವಿನ ನಸ್ತಾಲೀಕ್ ಲಿಪಿ ಬಲದಿಂದ ಎಡಕ್ಕೆ ಇಳಿಜಾರಾಗಿ ಇಳಿಯುವುದರಿಂದ ಸಾಲಿಗೆ ಹೆಚ್ಚು ಎತ್ತರ ಬೇಕು. ಕನ್ನಡಕ್ಕೆ ಒತ್ತಕ್ಷರಗಳಿಗಾಗಿ ಕೆಳಗೆ ಜಾಗ ಬೇಕು. ಒತ್ತೊತ್ತಾಗಿ ಕೂರಿಸಿದರೆ ಎರಡೂ ಉಸಿರುಗಟ್ಟುತ್ತವೆ. ಆದ್ದರಿಂದ ಮಡಿಕೆಯಿಲ್ಲದ ದಪ್ಪ ಕಾರ್ಡು ಮಾಡಿಸಿ, ಒಂದು ಮುಖಕ್ಕೆ ಕನ್ನಡ, ಇನ್ನೊಂದಕ್ಕೆ ಉರ್ದು ಹಾಕಿಸಿದೆವು. ಕೊಡುವಾಗ ಪಡೆಯುವವರ ಭಾಷೆ ಮೇಲೆ ಬರುವಂತೆ ಹಿಡಿದು ಕೊಟ್ಟರೆ ಯಾರಿಗೂ ಬೆನ್ನಿಲ್ಲ.

ಪೋಸ್ಟರಿನ ಕಥೆ ಬೇರೆ. ಅಲ್ಲಿ ಓದುವವರಿಗೆ ನಿಲ್ಲುವ ಪುರುಸೊತ್ತಿಲ್ಲ. ಬೋರ್ಡು ಬರೆಯುವವರಲ್ಲಿ ಒಂದು ಅಂದಾಜು ಇದೆ: ಹತ್ತು ಅಡಿ ದೂರದಿಂದ ಸರಾಗವಾಗಿ ಓದಲು ಒಂದು ಇಂಚು ಎತ್ತರದ ಅಕ್ಷರ ಬೇಕು. ರಸ್ತೆಯ ಆಚೆ ಬದಿಯಿಂದ, ಸುಮಾರು ಇಪ್ಪತ್ತು ಅಡಿಯಿಂದ, ಅಂಗಡಿಯ ಹೆಸರು ಕಾಣಬೇಕಾದರೆ ಎರಡು ಇಂಚು. ನಾವು ಮಾಡಿಸುವುದು ಎ3 ಕಾಗದ, ಅಂದರೆ ಹನ್ನೊಂದೂಮುಕ್ಕಾಲು ಇಂಚು ಅಗಲ, ಹದಿನಾರೂವರೆ ಇಂಚು ಎತ್ತರ. ಕನ್ನಡದ ಅಕ್ಷರ ದುಂಡಗೆ ಅಗಲವಾಗಿರುವುದರಿಂದ ಎರಡಿಂಚಿನ ಆರು ಅಕ್ಷರಗಳಿಗೆ ಒಂದು ಸಾಲು ತುಂಬಿಹೋಗುತ್ತದೆ. ಉಳಿದ ಜಾಗದಲ್ಲಿ ಒಂದು ಚಿತ್ರ ಹಾಕಿದರೆ ಮಿಕ್ಕುವುದು ನಾಲ್ಕು ಸಾಲು. ಆ ನಾಲ್ಕು ಸಾಲಿಗೆ ಅವಳು ಬರೆದುಕೊಂಡಿದ್ದ ಹದಿನಾಲ್ಕು ವಿಷಯಗಳಲ್ಲಿ ಏನನ್ನು ಬಿಡಬೇಕು ಎಂಬುದೇ ಪೋಸ್ಟರ್ ಬರೆಯುವ ಕೆಲಸ. ನಾವು ಉಳಿಸಿದ್ದು ಇಷ್ಟು: ಹೆಂಗಸರ ಮತ್ತು ಮಕ್ಕಳ ಉಡುಪು, ಹೊಲಿಗೆ, ಫೆಬ್ರವರಿ 6, ಗುರುವಾರ ಸಂಜೆಯಿಂದ, ಮುಖ್ಯ ರಸ್ತೆ, ಹಳೆ ಟಾಕೀಸಿನ ಎದುರು, ಫೋನ್ ನಂಬರ್.

ರಿಯಾಯಿತಿಯ ಸಾಲೂ ಬೇಕು ಎಂದು ಅವಳು ಹಟ ಹಿಡಿದಿದ್ದಳು. ಎಲ್ಲರೂ 'ಶೇ. 50 ರಿಯಾಯಿತಿ' ಎಂದು ಹಾಕುತ್ತಾರೆ ಎಂದಳು. ಅವಳದೇ ಒಂದು ಕುರ್ತಿಯ ಲೆಕ್ಕ ಹಾಕಿದೆವು. ಬಟ್ಟೆಗೆ 380 ರೂಪಾಯಿ, ಅಸ್ತರು, ದಾರ, ಗುಂಡಿ, ಲೇಸಿಗೆ 120, ಕೂಲಿ 150. ಒಟ್ಟು 650. ಮಾರುವ ಬೆಲೆ 850. ಅರ್ಧಕ್ಕೆ ಕೊಟ್ಟರೆ ಬರುವುದು 425, ಪ್ರತಿ ಕುರ್ತಿಗೂ 225 ರೂಪಾಯಿ ಕೈಯಿಂದ ಹೋಗುತ್ತದೆ. ಬೆಲೆಯನ್ನು ಮೊದಲೇ ಏರಿಸಿ ಇಳಿಸುವ ದಾರಿ ಇದೆ, ಅದು ಅವಳಿಗೆ ಇಷ್ಟವಿರಲಿಲ್ಲ. ಆ ಸಾಲನ್ನು ಪೋಸ್ಟರಿನಿಂದ ತೆಗೆದು, ಮೊದಲ ಮೂರು ದಿನ ಹೊಲಿಗೆ ಕೂಲಿಯಲ್ಲಿ ಮಾತ್ರ ಶೇ. 20 ಕಡಿಮೆ ಎಂದು ಅಂಗಡಿಯೊಳಗೆ ಬರೆದು ಅಂಟಿಸಿದಳು.

ಚಿತ್ರಕ್ಕೆ ಪ್ರೆಸ್ಸಿನ ಹುಡುಗ ಇಂಟರ್ನೆಟ್ಟಿನಿಂದ ಒಬ್ಬ ಮಾಡೆಲಿನ ಫೋಟೋ ತೆಗೆದಿಟ್ಟಿದ್ದ. ಅದು ಬೇರೆಯವರ ಸ್ವತ್ತು, ಆಕೆ ತೊಟ್ಟ ಬಟ್ಟೆ ಈ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಪೋಸ್ಟರ್ ಹಿಡಿದುಕೊಂಡೇ ಬಂದು 'ಇದೇ ಕೊಡಿ' ಎನ್ನುವವರಿಗೆ ಏನು ಹೇಳುವುದು? ಅವಳು ತಾನು ಹೊಲಿದ ಒಂದು ಕುರ್ತಿಯನ್ನು ಹ್ಯಾಂಗರಿಗೆ ಹಾಕಿ, ಬೆಳಗಿನ ನೆರಳಿನಲ್ಲಿ ಬಾಗಿಲ ಚೌಕಟ್ಟಿಗೆ ತೂಗುಬಿಟ್ಟು ಮೊಬೈಲಿನಲ್ಲಿ ತೆಗೆದಳು. ಮುಖ ತೋರಿಸುವ ಪ್ರಶ್ನೆಯೂ ಉಳಿಯಲಿಲ್ಲ. ಅದು ರಾಣಿ ಬಣ್ಣದ ಕುರ್ತಿ. ಪ್ರೂಫ್ ಬಂದಾಗ ಬಣ್ಣ ಮಂಕಾಗಿ, ಒಗೆದು ಒಗೆದು ಬಿಸಿಲಿಗೆ ಹಾಕಿದ ಹಾಗೆ ಕಂಡಿತು. ಮೊಬೈಲಿನ ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ನಾಲ್ಕು ಶಾಯಿಗಳನ್ನು ಬೆರೆಸಿ ಮಾಡುತ್ತದೆ. ರಾಣಿ, ಗಿಳಿಹಸಿರು, ನವಿಲುನೀಲಿಯಂಥ ಹೊಳೆಯುವ ಬಣ್ಣಗಳು ಆ ನಾಲ್ಕು ಶಾಯಿಗಳಿಗೆ ಪೂರ್ತಿ ಒಗ್ಗುವುದಿಲ್ಲ. ಮೆರೂನ್ ಬಣ್ಣದ ಇನ್ನೊಂದು ಕುರ್ತಿ ತೂಗುಹಾಕಿ ಮತ್ತೆ ತೆಗೆದಾಗ ಕಾಗದದ ಬಣ್ಣವೂ ಬಟ್ಟೆಯ ಬಣ್ಣವೂ ಹತ್ತಿರ ಬಂದವು.

ಪ್ರೂಫನ್ನು ಪರದೆಯ ಮೇಲೆ ನೋಡಿ ಸರಿ ಎನ್ನಬಾರದು. ಮೊದಲ ಪ್ರಿಂಟಿನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದಿದ್ದವು, ಉರ್ದು ಅಕ್ಷರಗಳು ಒಂದರ ಕೈ ಇನ್ನೊಂದು ಬಿಟ್ಟು ನಿಂತಿದ್ದವು. ಒಂದು ಕಂಪ್ಯೂಟರಿನ ಅಕ್ಷರಮಾದರಿ ಇನ್ನೊಂದರಲ್ಲಿ ಇಲ್ಲದಿದ್ದರೆ ಹೀಗಾಗುತ್ತದೆ. ಅಕ್ಷರಗಳನ್ನೆಲ್ಲ ಚಿತ್ರರೇಖೆಗಳಾಗಿ ಬದಲಿಸಿ ಕಳಿಸಿದ ಮೇಲೆ ಸರಿಯಾಯಿತು. ಆಮೇಲೆ ಕಾಗದದ ಮೇಲಿನ ಪ್ರೂಫ್ ಹಿಡಿದು ಗಟ್ಟಿಯಾಗಿ ಓದಿದೆವು, ಕ್ಯಾಲೆಂಡರ್ ಇಟ್ಟುಕೊಂಡು ವಾರ, ತಾರೀಖು ತಾಳೆ ನೋಡಿದೆವು, ಅದರಲ್ಲಿದ್ದ ನಂಬರಿಗೇ ಫೋನ್ ಮಾಡಿದೆವು. ಒಳಮನೆಯಲ್ಲಿ ಅವಳ ಮೊಬೈಲ್ ರಿಂಗಾದಾಗಲೇ ಅಚ್ಚಿಗೆ ಒಪ್ಪಿಗೆ ಕೊಟ್ಟದ್ದು.

ಅಷ್ಟರಲ್ಲಿ ಪ್ರೆಸ್ಸಿನ ಹುಡುಗ ಒಂದು ಮಾತು ಹೇಳಿದ. ಒಳ್ಳೆಯ ಹುಡುಗ, ಹಿತ ಬಯಸಿಯೇ ಹೇಳಿದ. "ಸಾರ್, ಪೋಸ್ಟರಲ್ಲಿ ಅಕ್ಕನ ಹೆಸರು ಬೇಡ. ಅಂಗಡಿ ಹೆಸರು ಸಾಕು. ಕಾಲ ಹೇಗಿದೆ ಗೊತ್ತಲ್ಲ" ಎಂದ. ಗೊತ್ತಿತ್ತು. 2022ರ ಮಾರ್ಚಿನಲ್ಲಿ ಕರಾವಳಿಯಲ್ಲಿ, ನಮ್ಮ ಮಲೆನಾಡಿನಲ್ಲಿ ಕೆಲವು ಜಾತ್ರೆಗಳಿಗೆ ಮುಸ್ಲಿಂ ವ್ಯಾಪಾರಿಗಳು ಬರಬಾರದು ಎಂಬ ಕೂಗು ಎದ್ದು, ಬ್ಯಾನರುಗಳು ತೂಗಿದ್ದನ್ನು ಯಾರೂ ಮರೆತಿಲ್ಲ. ಅಂಗಡಿಯ ಹೆಸರಿನಿಂದ ಮಾಲೀಕರು ಯಾರೆಂದು ತಿಳಿಯುವಂತಿರಲಿಲ್ಲ. ಅವಳ ಹೆಸರಿನಿಂದ ತಿಳಿಯುತ್ತಿತ್ತು.

ನಾವು ಮೌನವಾದೆವು. ಮನೆಯೊಳಗೆ ಆ ಹೆಸರು ಹೆಣ್ಣಿನ ಹೆಸರೆಂದು ಬೇಡವಾಗಿತ್ತು, ಈಗ ಬೀದಿಯಲ್ಲಿ ಅದು ಮುಸ್ಲಿಂ ಹೆಸರೆಂದು ಬೇಡವಾಗುತ್ತಿತ್ತು. ಇಬ್ಬರೂ ಅವಳ ಒಳಿತಿಗಾಗಿಯೇ ಹೇಳಿದವರು. ಇಬ್ಬರ ಮಾತು ಕೇಳಿದರೂ ಕಾಗದದಿಂದ ಹೋಗುವುದು ಒಂದೇ ಹೆಸರು.

ಉತ್ತರ ಕೊಟ್ಟವಳು ಅವಳೇ. ಚೀಲದಿಂದ ಅಳತೆಯ ಪುಸ್ತಕ ತೆಗೆದು ಹುಡುಗನ ಮುಂದೆ ಬಿಚ್ಚಿದಳು. ಪುಟಪುಟದಲ್ಲೂ ಎದೆ, ಸೊಂಟ, ತೋಳಿನ ಅಳತೆಗಳು. ಮೇಲೆ 'ಟೀಚರಮ್ಮ', 'ಬ್ಯಾಂಕ್ ಮೇಡಂ', 'ಹೂವಿನ ಅಕ್ಕ', 'ಹಾಲಿನ ಡೈರಿ ಆಂಟಿ', 'ಖಾಲಾಜಾನ್' ಎಂಬ ಗುರುತುಗಳು. "ತಮ್ಮಾ, ಇವರೆಲ್ಲ ಹತ್ತು ವರ್ಷದಿಂದ ನನ್ನ ಹೆಸರು ಹಿಡಿದು ಕೇಳಿಕೊಂಡೇ ಓಣಿಯೊಳಗೆ ಬಂದವರು. ಅಂಗಡಿ ಹೆಸರು ಯಾರಿಗೂ ಗೊತ್ತಿಲ್ಲ, ಅದು ನಿನ್ನೆ ಹುಟ್ಟಿದ್ದು. ಗೊತ್ತಿರೋದು ನನ್ನ ಹೆಸರು. ಅದನ್ನೇ ತೆಗೆದರೆ ಈ ಅಂಗಡಿ ನಂದು ಅಂತ ಅವರಿಗೆ ಹೇಗೆ ತಿಳೀಬೇಕು? ಹೆಸರು ನೋಡಿ ಬರದವರು ಒಳಗೆ ಬಂದು ನನ್ನ ಮುಖ ನೋಡಿಯೂ ವಾಪಸ್ ಹೋಗ್ತಾರೆ. ಅಳತೆ ಕೊಡೋದಕ್ಕೆ ಮೈ ಮುಟ್ಟಿಸಿಕೊಳ್ಳಬೇಕಲ್ಲ, ಹೆಸರು ಬಚ್ಚಿಟ್ಟು ಆ ಕೆಲಸ ಆಗಲ್ಲ" ಎಂದಳು.

ಇಷ್ಟು ವರ್ಷ ಕಥೆ ಬರೆದ ನಮಗೆ ಇದಕ್ಕಿಂತ ಸರಳವಾದ ವಾದ ಹೊಳೆದಿರಲಿಲ್ಲ. ಐದನೆಯ ಸಾಲು ಸೇರಿತು. 'ಹೊಲಿಗೆ' ಎಂಬ ಪದದ ಕೆಳಗೆ ಸ್ವಲ್ಪ ಸಣ್ಣ ಅಕ್ಷರದಲ್ಲಿ ಅವಳ ಹೆಸರು. ಚಿತ್ರವನ್ನು ಒಂದಿಂಚು ಕಿರಿದು ಮಾಡಿ ಆ ಸಾಲಿಗೆ ಜಾಗ ಮಾಡಿದೆವು.

ಪೋಸ್ಟರನ್ನು ಕನ್ನಡದಲ್ಲೇ ಮಾಡಿಸಿದೆವು. ರಸ್ತೆಯಲ್ಲಿ ಓಡಾಡುವ ಎಲ್ಲರಿಗೂ ಸಲ್ಲುವ ಲಿಪಿ ಅದು. ಅಂಗಡಿಯ ಬೋರ್ಡಿಗಂತೂ ಈಗ ಕಾನೂನೇ ಇದೆ. 2024ರ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇ. 60 ಭಾಗ ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು. ಬೋರ್ಡಿನ ಕೆಳಭಾಗದಲ್ಲಿ ಉರ್ದು ಮತ್ತು ಇಂಗ್ಲಿಷ್ ಬಂದವು. ಪ್ಲಾಸ್ಟಿಕ್ಕಿನ ಫ್ಲೆಕ್ಸ್ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷಿದ್ಧ. ಸಾರ್ವಜನಿಕ ಗೋಡೆ, ಕಂಬಗಳಿಗೆ ಅನುಮತಿಯಿಲ್ಲದೆ ಕಾಗದ ಅಂಟಿಸುವುದೂ 1981ರ ಕಾಯ್ದೆಯಂತೆ ಅಪರಾಧ. ಆದ್ದರಿಂದ ನಲವತ್ತು ಪೋಸ್ಟರುಗಳನ್ನು ಮಾತ್ರ ಅಚ್ಚು ಹಾಕಿಸಿ, ಪರಿಚಯದ ಅಂಗಡಿಗಳಲ್ಲಿ ಕೇಳಿ ಅಂಟಿಸಿದೆವು. ಬಳೆ ಅಂಗಡಿ, ದಾರ ಗುಂಡಿಯ ಅಂಗಡಿ, ಹಿಟ್ಟಿನ ಗಿರಣಿ, ಹಾಲಿನ ಡೈರಿ. ಹೆಂಗಸರು ಐದು ನಿಮಿಷ ನಿಂತು ಕಾಯುವ ಜಾಗಗಳು ಇವು. ಅವುಗಳನ್ನು ಗುರುತಿಸಿದವಳೂ ಅವಳೇ.

ಕಾರ್ಡುಗಳನ್ನು ಅವಳೂ ಆಪಾ ಕೂಡಿ ಮನೆಮನೆಗೆ ಕೊಟ್ಟರು. ಮಸೀದಿಯ ಕಡೆಯ ಕಾರ್ಡುಗಳನ್ನು ಬಡೇ ಅಬ್ಬಾ ತಾವೇ ಇಸಿದುಕೊಂಡರು. ಜುಮಾ ನಮಾಜಿನ ನಂತರ ಅವರು ಹಂಚುತ್ತಿದ್ದಾಗ ನಾವು ದೂರದಲ್ಲಿ ನಿಂತಿದ್ದೆವು. ಒಬ್ಬ ಹಿರಿಯರು ಕಾರ್ಡಿನ ಕೊನೆಯ ಸಾಲನ್ನು ಓದಿ, "ಇದು ಯಾರು?" ಎಂದು ಕೇಳಿದರು. ಬಡೇ ಅಬ್ಬಾ ಹುಡುಗಿಯ ಹೆಸರನ್ನು ಗಟ್ಟಿಯಾಗಿ ಹೇಳಿ, "ನನ್ನ ತಮ್ಮನ ಮಗಳು. ಅವಳದೇ ದುಕಾನ್" ಎಂದರು.

ಅಂಗಡಿ ಈಗಲೂ ನಡೆಯುತ್ತಿದೆ. ಮೊದಲ ತಿಂಗಳು ಅವಳು ಅಳತೆಯ ಪುಸ್ತಕದ ಅಂಚಿನಲ್ಲಿ ಪ್ರತಿಯೊಬ್ಬರೂ ಹೇಗೆ ತಿಳಿದು ಬಂದರು ಎಂದು ಒಂದೊಂದು ಅಕ್ಷರ ಬರೆದಿಟ್ಟಳು. ಕಾರ್ಡಿಗೆ 'ಕಾ', ಪೋಸ್ಟರಿಗೆ 'ಪೋ', ಬಾಯಿಮಾತಿಗೆ 'ಬಾ'. ಅರ್ಧಕ್ಕಿಂತ ಹೆಚ್ಚು 'ಬಾ' ಇದ್ದವು, ಆಮೇಲೆ 'ಕಾ'. 'ಪೋ' ಕಡಿಮೆ. ಆದರೆ 'ಪೋ' ಎಂದು ಬರೆದವರಲ್ಲಿ ಹಲವರು ಅವಳಿಗೆ ಮುಂಚೆ ಪರಿಚಯವೇ ಇಲ್ಲದವರು, ಬೇರೆ ಬೇರೆ ಕೇರಿಗಳವರು. ಗಿರಣಿಯಲ್ಲಿ ಹಿಟ್ಟಿಗೆ ಕಾಯುತ್ತಾ ಹೆಸರು ಓದಿ ಬಂದವರು. ಶಿವಮೊಗ್ಗದ ಆ ಹಿರಿಯರೂ ಮೊನ್ನೆ ಸಿಕ್ಕಿದ್ದರು. ಮನೆಯಲ್ಲಿ ಟ್ಯೂಷನ್ ಹೇಳುವ ಒಬ್ಬ ಹೆಣ್ಣುಮಗಳು ಬಂದು, ಯಾರದೋ ಮನೆಯಲ್ಲಿ ನೋಡಿದ ಆ ಕಾರ್ಡನ್ನು ತೋರಿಸಿ, "ಕೊನೆಯ ಸಾಲು ಹೀಗೇ ಇರಲಿ" ಎಂದು ಹೇಳಿ ಹೋದಳಂತೆ. ಆ ಸಾಲನ್ನು ಅವರು ಕಂಪ್ಯೂಟರಿನಿಂದ ಅಳಿಸದೆ ಹಾಗೆಯೇ ಇಟ್ಟುಕೊಂಡಿದ್ದಾರೆ.